ಸಿಂಕ್ ಜಾಬ್ ಅಸಲಿ ಡೇಟಾ ಮುಟ್ಟುವ ಮೊದಲು

(ಸಹಕಾರ ಸಂಘಗಳು, ತೋಟದ ಕಚೇರಿಗಳು ಮತ್ತು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುವವರಿಗಾಗಿ ಮಡಿಕೇರಿಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಸಂಘ ಕಾಫಿ ಖರೀದಿ ಮಾಡುತ್ತದೆ ಅಂದುಕೊಳ್ಳಿ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಹೀಗೆ ನಾಲ್ಕು ಕಡೆ ಖರೀದಿ ಕೇಂದ್ರಗಳಿವೆ. ಬೆಳೆಗಾರರು ಮೂಟೆ ತಂದು ಇಳಿಸುತ್ತಾರೆ. ತೂಕ ಆಗುತ್ತದೆ, ತೇವಾಂಶ ನೋಡುತ್ತಾರೆ, ಒಂದು ಚೀಟಿ ಬರೆಯುತ್ತಾರೆ. ಚೀಟಿಯಲ್ಲಿ ಸದಸ್ಯರ ಸಂಖ್ಯೆ ಇರುತ್ತದೆ. ಅರೇಬಿಕಾ ಪಾರ್ಚ್‌ಮೆಂಟೋ ರೊಬಸ್ಟಾ ಚೆರಿಯೋ ಅನ್ನುವುದು ಇರುತ್ತದೆ. ಎಷ್ಟು ಮೂಟೆ, ಎಷ್ಟು ಕಿಲೋ, ತೇವಾಂಶ ಎಷ್ಟು ಅನ್ನುವುದೂ ಇರುತ್ತದೆ. ಸಂಜೆ ಪ್ರತಿ ಕೇಂದ್ರ ಆ ಹಂಗಾಮಿನ ಎಲ್ಲ ಚೀಟಿಗಳ ಒಂದು ಫೈಲನ್ನು ಮುಖ್ಯ ಕಚೇರಿಗೆ ಕಳಿಸುತ್ತದೆ. ರಾತ್ರಿ ಒಂದು ಪ್ರೋಗ್ರಾಮ್ ಓಡಿ ಆ ಫೈಲುಗಳನ್ನು ಮುಖ್ಯ ಡೇಟಾಬೇಸಿನ ಜೊತೆ ಹೋಲಿಸುತ್ತದೆ. ಹೊಸ ಚೀಟಿ ಇದ್ದರೆ ಸೇರಿಸುತ್ತದೆ. ಬದಲಾಗಿದ್ದರೆ ತಿದ್ದುತ್ತದೆ. ಫೈಲಿನಲ್ಲಿ ಇಲ್ಲದ ಚೀಟಿಯನ್ನು ಅಳಿಸುತ್ತದೆ. ಇದೇ ಸಿಂಕ್ ಜಾಬ್.

ಈ ಸಂಘ ಮತ್ತು ನಾನು ಹೇಳುವ ಅಂಕಿಗಳು ವಿವರಿಸಲು ಕಟ್ಟಿಕೊಂಡ ಉದಾಹರಣೆ. ಆದರೆ ಇದರಲ್ಲಿ ಬರುವ ಒಂದೊಂದು ತೊಂದರೆಯೂ ನಿಜವಾದ ಸಿಂಕ್ ಕೆಲಸಗಳಲ್ಲಿ ಮತ್ತೆ ಮತ್ತೆ ಬರುವಂಥದ್ದು.

ಈ ಜಾಬ್ ಹೊಸದಾಗಿ ಬರೆದಿದ್ದೀರಿ, ಅಥವಾ ಹಳೆಯದನ್ನು ತಿದ್ದಿದ್ದೀರಿ. ಮುಖ್ಯ ಡೇಟಾಬೇಸಿನಲ್ಲಿ ಆಗಲೇ 12,000 ಚೀಟಿಗಳಿವೆ. ಬೆಳೆಗಾರರಿಗೆ ಹಣ ಹೋಗುವುದು ಅದರ ಲೆಕ್ಕದ ಮೇಲೆ. ಅಲ್ಲಿಗೆ ಬರೆಯುವ ಮೊದಲು ಏನೇನು ನೋಡಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲು ಡ್ರೈ-ರನ್. ಅಂದರೆ ಜಾಬ್ ಎಲ್ಲವನ್ನೂ ಓದುತ್ತದೆ, ಹೋಲಿಸುತ್ತದೆ, ಏನು ಮಾಡಬೇಕೆಂದು ತೀರ್ಮಾನಿಸುತ್ತದೆ, ಆದರೆ ಬರೆಯುವುದಿಲ್ಲ. ಕೇಳಲು ಸುಲಭ. ಆದರೆ ಇದನ್ನು ಕಟ್ಟುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಕೋಡಿನ ಉದ್ದಕ್ಕೂ ಅಲ್ಲಲ್ಲಿ ‘ಡ್ರೈ-ರನ್ ಆಗಿದ್ದರೆ ಇದನ್ನು ಬಿಡು’ ಎಂದು ಬರೆದುಕೊಂಡು ಹೋಗುತ್ತಾರೆ. ಇಪ್ಪತ್ತು ಕಡೆ ಬರೆಯಬೇಕಾದದ್ದು ಹತ್ತೊಂಬತ್ತು ಕಡೆ ಬರೆದರೆ ಆ ಉಳಿದ ಒಂದು ಕಡೆ ಡೇಟಾ ಬದಲಾಗಿಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಡ್ರೈ-ರನ್ ಒಂದು ದಾರಿಯಲ್ಲಿ, ನಿಜವಾದ ಓಟ ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಆಗ ನೀವು ಪರೀಕ್ಷೆ ಮಾಡಿದ್ದು ಬೇರೆಯದೇ ಪ್ರೋಗ್ರಾಮನ್ನು ಅಲ್ವಾ?

ಸರಿಯಾದ ರೀತಿ ಎಂದರೆ ಕೆಲಸವನ್ನು ಎರಡು ಭಾಗ ಮಾಡುವುದು. ಮೊದಲ ಭಾಗ ಹೋಲಿಸಿ ಒಂದು ಪಟ್ಟಿ ತಯಾರಿಸುತ್ತದೆ. ಎರಡನೆಯ ಭಾಗ ಆ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಬರೆಯುತ್ತದೆ, ತಾನಾಗಿ ಏನನ್ನೂ ಯೋಚಿಸುವುದಿಲ್ಲ. ಡ್ರೈ-ರನ್ ಎಂದರೆ ಮೊದಲ ಭಾಗಕ್ಕೇ ನಿಲ್ಲುವುದು, ಅಷ್ಟೆ.

```python
plan = compare(source, target)
save_plan(plan, "plan.csv")
if args.apply:
    apply_plan(plan)
```

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಸುಮ್ನೆ ಓಡಿಸಿದರೆ ಅದು ಡ್ರೈ-ರನ್. ಬರೆಯಬೇಕೆಂದರೆ `--apply` ಎಂದು ಕೇಳಿಕೊಳ್ಳಬೇಕು. ಬಹಳ ಪ್ರೋಗ್ರಾಮುಗಳಲ್ಲಿ ಇದು ತಿರುಗುಮುರುಗಾಗಿ ಇರುತ್ತದೆ, `--dry-run` ಹಾಕಲು ಮರೆತರೆ ನೇರ ಬರೆದುಬಿಡುತ್ತದೆ. ಮರೆತಾಗ ಏನೂ ಆಗದಂತೆ ಇರುವುದೇ ಒಳ್ಳೆಯದು.

ಕೋಡನ್ನು ಮಾತ್ರ ನಂಬಬೇಡಿ. ಡ್ರೈ-ರನ್‌ಗೆ ಡೇಟಾಬೇಸಿನಲ್ಲಿ ಬೇರೆಯೇ ಲಾಗಿನ್ ಕೊಡಿ, ಅದಕ್ಕೆ ಓದುವ ಅನುಮತಿ ಮಾತ್ರ ಇರಲಿ. ಪೋಸ್ಟ್‌ಗ್ರೆಸ್‌ನಲ್ಲಾದರೆ ಹೀಗೆ:

```sql
CREATE ROLE sync_reader LOGIN;
GRANT SELECT ON ALL TABLES IN SCHEMA public TO sync_reader;
ALTER ROLE sync_reader SET default_transaction_read_only = on;
```

ಮೂರನೆಯ ಸಾಲನ್ನು ಒಳಗೆ ಬಂದ ಪ್ರೋಗ್ರಾಮ್ ತಾನೇ ಬದಲಿಸಿಕೊಳ್ಳಬಹುದು, ಹಾಗಾಗಿ ಅದು ಬರೀ ಎರಡನೆಯ ಬೇಲಿ. ನಿಜವಾದ ಕಾವಲು ಎರಡನೆಯ ಸಾಲು: ಓದುವ ಅನುಮತಿ ಬಿಟ್ಟು ಬೇರೆ ಏನನ್ನೂ ಕೊಟ್ಟಿಲ್ಲ. ಕೋಡಿನಲ್ಲಿ ಎಲ್ಲೋ ಒಂದು ಕಡೆ ಬರೆಯುವ ಸಾಲು ಉಳಿದಿದ್ದರೆ `cannot execute UPDATE in a read-only transaction` ಎಂದೋ, ಮೂರನೆಯ ಸಾಲು ಬದಲಾಗಿದ್ದರೆ `permission denied` ಎಂದೋ ಅಲ್ಲೇ ನಿಲ್ಲುತ್ತದೆ. ಅದು ನಿಮಗೆ ಬೇಕಾದದ್ದೇ. ಆ ಸಾಲು ಎಲ್ಲಿದೆ ಎಂದು ಪುಕ್ಕಟೆಯಾಗಿ ಗೊತ್ತಾಯಿತು.

ಆದರೆ ಈ ಕಾವಲಿಗೂ ಸಿಗದ ಒಂದು ಜಾಗವಿದೆ. ಬಹಳ ಜಾಬ್‌ಗಳು ‘ಯಾವ ಫೈಲಿನವರೆಗೆ ಮುಗಿಸಿದ್ದೇನೆ’ ಎಂದು ಒಂದು ಗುರುತು ಇಟ್ಟುಕೊಳ್ಳುತ್ತವೆ. ಎಷ್ಟೋ ಸಲ ಆ ಗುರುತು ಡೇಟಾಬೇಸಿನಲ್ಲಿ ಇರುವುದಿಲ್ಲ, ಪಕ್ಕದಲ್ಲಿ ಒಂದು ಸಣ್ಣ ಫೈಲಿನಲ್ಲಿ ಇರುತ್ತದೆ. ಡ್ರೈ-ರನ್ ಚೀಟಿಗಳನ್ನು ಮುಟ್ಟುವುದಿಲ್ಲ, ಆದರೆ ಆ ಗುರುತನ್ನು ಮುಂದೆ ಸರಿಸಿಬಿಡುತ್ತದೆ. ಮಾರನೆಯ ದಿನ ನಿಜವಾಗಿ ಓಡಿಸಿದರೆ ಜಾಬ್ ‘ಈ ಫೈಲುಗಳು ಆಗಲೇ ಮುಗಿದಿವೆ’ ಎಂದುಕೊಂಡು ಏನನ್ನೂ ಬರೆಯದೆ ಸುಮ್ಮನೆ ಮುಗಿಯುತ್ತದೆ. ಎಲ್ಲೂ ತಪ್ಪು ಎಂದು ತೋರಿಸುವುದಿಲ್ಲ, ಹಾಗಾಗಿ ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಕಂಡುಹಿಡಿಯುವುದು ಸುಲಭ: ಡ್ರೈ-ರನ್ ಬೆನ್ನಿಗೇ ಇನ್ನೊಮ್ಮೆ ಡ್ರೈ-ರನ್ ಮಾಡಿ. ಎರಡು ಪಟ್ಟಿಗಳೂ ಒಂದೇ ಇರಬೇಕು. ಎರಡನೆಯ ಪಟ್ಟಿ ಖಾಲಿ ಬಂದರೆ ನಿಮ್ಮ ಡ್ರೈ-ರನ್ ಎಲ್ಲೋ ಏನೋ ಬರೆಯುತ್ತಿದೆ.

ಇನ್ನು ಪಟ್ಟಿಗೆ ಬರೋಣ. ಇದರಲ್ಲಿ ಬರೀ ಮೊತ್ತ ಸಾಲದು. ಯಾವ ಚೀಟಿ, ಯಾವ ಕಾಲಂ, ಅಲ್ಲಿ ಹಳೆಯದು ಏನಿತ್ತು, ಹೊಸದು ಏನಾಗುತ್ತದೆ ಎಂದು ಒಂದೊಂದು ಸಾಲಿಗೂ ಇರಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಡ್ರೈ-ರನ್ ಹೀಗೆ ಹೇಳಿತು ಅಂದುಕೊಳ್ಳಿ: ಹೊಸದಾಗಿ ಸೇರುವುದು 412, ತಿದ್ದುವುದು 9,874, ಅಳಿಸುವುದು 655, ಹಾಗೆಯೇ ಇರುವುದು 1,471.

ಮೊದಲು ಕೂಡಿಸಿ ನೋಡಿ. ತಿದ್ದುವುದು, ಅಳಿಸುವುದು, ಹಾಗೆಯೇ ಇರುವುದು ಸೇರಿ 12,000 ಆಯಿತು. ಅಂದರೆ ಜಾಬ್ ಎಲ್ಲ ಹಳೆಯ ಚೀಟಿಗಳನ್ನೂ ನೋಡಿದೆ, ಯಾವುದೂ ತಪ್ಪಿ ಹೋಗಿಲ್ಲ. ಆದರೆ 9,874 ತಿದ್ದುಪಡಿ ಎಂದರೆ ನಂಬುವ ಮಾತಲ್ಲ. ಒಂದು ದಿನದಲ್ಲಿ ಕೇಂದ್ರದವರು ಹತ್ತಿಪ್ಪತ್ತು ಚೀಟಿ ತಿದ್ದಿರಬಹುದು, ಹತ್ತು ಸಾವಿರ ಅಲ್ಲ.

ಪಟ್ಟಿ ತೆರೆದರೆ ಹೆಚ್ಚುಕಮ್ಮಿ ಎಲ್ಲವೂ ‘ಕೇಂದ್ರ’ ಎಂಬ ಕಾಲಂನದ್ದು. ಹಳೆಯದು ಸೋಮವಾರಪೇಟೆ, ಹೊಸದೂ ಸೋಮವಾರಪೇಟೆ. ಹಳೆಯದು ಮಡಿಕೇರಿ, ಹೊಸದೂ ಮಡಿಕೇರಿ. ಕಣ್ಣಿಗೆ ಎರಡೂ ಒಂದೇ. ಆದರೆ ಹಾಗೆಯೇ ಉಳಿದ 1,471 ಚೀಟಿಗಳು ಯಾವುವು ಎಂದು ನೋಡಿದರೆ ಎಲ್ಲವೂ ಕುಶಾಲನಗರದವು. ಸುಳಿವು ಅಲ್ಲೇ ಇದೆ.

ಯೂನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ‘ಪೇ’ ಬರೆಯಲು ಪ ಆದ ಮೇಲೆ U+0CC7 ಎಂಬ ಒಂದೇ ಚಿಹ್ನೆ ಸಾಕು. ಅಥವಾ U+0CC6 ಎಂಬ ಎತ್ವದ ಚಿಹ್ನೆ, ಅದರ ಮೇಲೆ U+0CD5 ಎಂಬ ದೀರ್ಘದ ಚಿಹ್ನೆ ಬರೆದರೂ ಅದೇ ಕಾಣುತ್ತದೆ. ‘ಸೋ’ ಅಕ್ಷರದ ಚಿಹ್ನೆಯನ್ನು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಇಲ್ಲ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವಾಗ ಇಂಥ ತುಂಡು ಚಿಹ್ನೆಗಳು ಸೇರಿಕೊಳ್ಳಬಹುದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಮೂರರಲ್ಲೂ ಏತ್ವ ಇದೆ. ಕುಶಾಲನಗರದಲ್ಲಿ ಅಂಥ ಚಿಹ್ನೆ ಒಂದೂ ಇಲ್ಲ. ಅದಕ್ಕೇ ಅದು ಪಾರಾಯಿತು.

ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಿಂದ ಇದನ್ನು ನೇರವಾಗಿ ಕೇಳಬಹುದು:

```sql
SELECT kendra, count(*) FROM cheeti
WHERE kendra IS NOT NFC NORMALIZED
GROUP BY kendra;
```

ಪರಿಹಾರವೆಂದರೆ ಹೋಲಿಸುವ ಮೊದಲು ಎರಡೂ ಕಡೆಯ ಹೆಸರನ್ನು NFC ಎಂಬ ಒಂದೇ ರೂಪಕ್ಕೆ ತರುವುದು. ಕನ್ನಡದಲ್ಲಿ ಲೆಕ್ಕ ಇಡುವವರು ಇದನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಒತ್ತಕ್ಷರ ಬಿಡಿಸಲು ಬಳಸುವ ಕಾಣದ ಅಕ್ಷರಗಳನ್ನು ಮಾತ್ರ NFC ತೆಗೆಯುವುದಿಲ್ಲ. ಅವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಅದನ್ನು ಸರಿಮಾಡಿ ಮತ್ತೆ ಡ್ರೈ-ರನ್ ಮಾಡಿದರೆ ತಿದ್ದುವುದು 37ಕ್ಕೆ ಇಳಿಯಿತು. ಅಳಿಸುವುದು ಮಾತ್ರ ಇನ್ನೂ 655. ಪಟ್ಟಿಯನ್ನು ಕೇಂದ್ರದ ಪ್ರಕಾರ ಜೋಡಿಸಿ ನೋಡಿದರೆ 655ರಲ್ಲಿ ಎರಡು ಬಿಟ್ಟು ಉಳಿದೆಲ್ಲವೂ ಸೋಮವಾರಪೇಟೆಯವು. ಚೀಟಿ ಸಂಖ್ಯೆಗಳೂ ಒಂದರ ಹಿಂದೆ ಒಂದು, ಸಾಲಾಗಿ ಕೊನೆಯವರೆಗೆ. ಅಷ್ಟು ಜನ ಚೀಟಿ ರದ್ದು ಮಾಡಿಸಿದರೆ ಸಂಖ್ಯೆಗಳು ಚದುರಿರುತ್ತವೆ. ಸಾಲಾಗಿ ಇದ್ದರೆ ಫೈಲು ಅರ್ಧಕ್ಕೆ ನಿಂತಿದೆ ಎಂದೇ ಅರ್ಥ.

ನಮ್ಮ ಕಡೆ ಇದು ಹೇಗೆ ಆಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಗುಡುಗಿನ ಜೊತೆ ಬಂದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಫೈಲು ಅರ್ಧ ಬಂದಿರುತ್ತದೆ. ಜಾಬ್‌ಗೆ ಅದು ಅರ್ಧ ಫೈಲು ಎಂದು ಗೊತ್ತಿಲ್ಲ. ‘ಫೈಲಿನಲ್ಲಿ ಇಲ್ಲದ್ದನ್ನು ಅಳಿಸು’ ಎಂಬ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸುತ್ತದೆ. ಇನ್ನೊಂದು ಸಣ್ಣ ಅಪಾಯವೂ ಇದೆ. ಕೊನೆಯ ಸಾಲು ಮಧ್ಯದಲ್ಲಿ ತುಂಡಾಗಿದ್ದು, ತೂಕ ಕೊನೆಯ ಕಾಲಂ ಆಗಿದ್ದರೆ 48.5 ಕಿಲೋ ಇದ್ದದ್ದು ಬರೀ 4 ಎಂದು ಓದಿಕೊಳ್ಳಬಹುದು. ಅದು ತಪ್ಪು ಸಾಲಿನಂತೆ ಕಾಣುವುದೂ ಇಲ್ಲ.

ಇದಕ್ಕೆ ಎರಡು ಕೆಲಸ ಮಾಡಬೇಕು. ಕೇಂದ್ರದವರು ಕಳಿಸುವ ಫೈಲಿನ ಕೊನೆಯ ಸಾಲಿನಲ್ಲಿ ಒಟ್ಟು ಎಷ್ಟು ಚೀಟಿ, ಒಟ್ಟು ಎಷ್ಟು ಕಿಲೋ ಎಂದು ಇರಬೇಕು. ಆ ಸಾಲು ಇಲ್ಲದಿದ್ದರೆ ಅಥವಾ ಲೆಕ್ಕ ತಾಳೆಯಾಗದಿದ್ದರೆ ಜಾಬ್ ಆ ಕೇಂದ್ರವನ್ನು ಮುಟ್ಟಬಾರದು. ಎರಡನೆಯದು, ಅಳಿಸುವುದಕ್ಕೆ ಒಂದು ಮಿತಿ. ಈ ಸಂಘದಲ್ಲಿ ದಿನಕ್ಕೆ ಎರಡು ಮೂರು ಚೀಟಿ ರದ್ದಾಗುವುದು ರೂಢಿ ಎಂದಾದರೆ ಹತ್ತಕ್ಕಿಂತ ಜಾಸ್ತಿ ಬಂದ ದಿನ ಜಾಬ್ ನಿಂತು ಮನುಷ್ಯರನ್ನು ಕೇಳಬೇಕು.

ಸೋಮವಾರಪೇಟೆಯಿಂದ ಪೂರ್ತಿ ಫೈಲು ತರಿಸಿಕೊಂಡ ಮೇಲೆ ಪಟ್ಟಿ ಹೀಗಾಯಿತು: ಸೇರುವುದು 430, ತಿದ್ದುವುದು 39, ಅಳಿಸುವುದು 2. ಮತ್ತೆ ಕೂಡಿಸಿ. ಉಳಿದ 11,959 ಹಾಗೆಯೇ ಇವೆ. ಒಟ್ಟು 12,000, ಸರಿ. ತಿದ್ದುವ 39ರಲ್ಲಿ ತೂಕದ್ದು 26, ತೇವಾಂಶದ್ದು 9, ಕಾಫಿಯ ಬಗೆ ಬದಲಾದದ್ದು 4. ಇಷ್ಟಾದರೆ ನಂಬಬಹುದಾದ ಅಂಕಿಗಳು.

ಇಲ್ಲಿಗೆ ಡ್ರೈ-ರನ್‌ನ ಕೈ ಮುಗಿಯಿತು. ಅದು ಹೇಳುವುದು ಜಾಬ್ ಏನು ಬರೆಯಲು ಹೊರಟಿದೆ ಎಂಬುದನ್ನು. ಬರೆದಾಗ ಡೇಟಾಬೇಸ್ ಏನು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಸಭೆಯಲ್ಲಿ ಒಬ್ಬರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ‘ಸರ್, ಪ್ರೊಡಕ್ಷನ್‌ನಲ್ಲೇ, ಅಂದರೆ ಅಸಲಿ ಡೇಟಾಬೇಸಿನಲ್ಲೇ, ಟ್ರಾನ್ಸಾಕ್ಷನ್ ಶುರುಮಾಡಿ, ಎಲ್ಲ ಬರೆದು ನೋಡಿ, ಕೊನೆಗೆ ರೋಲ್‌ಬ್ಯಾಕ್ ಮಾಡಿದರೆ ಸಾಕಲ್ವಾ?’ ಬರೀ ಸಾಲುಗಳ ಮಟ್ಟಿಗೆ ಅದು ಸರಿಯೇ. ಆದರೆ ಅಷ್ಟೂ ಹೊತ್ತು ಆ ಸಾಲುಗಳು ಲಾಕ್ ಆಗಿರುತ್ತವೆ, ಅದೇ ಚೀಟಿ ತಿದ್ದಲು ಹೋದವರು ಕಾಯಬೇಕಾಗುತ್ತದೆ. ತಾನಾಗಿ ಏರುವ ಕ್ರಮಸಂಖ್ಯೆ ರೋಲ್‌ಬ್ಯಾಕ್ ಆದರೂ ಹಿಂದೆ ಬರುವುದಿಲ್ಲ, ನಡುವೆ ಸಂಖ್ಯೆಗಳು ಬಿಟ್ಟುಹೋಗುತ್ತವೆ. ಹೊಸ ಚೀಟಿ ಸೇರಿದ ಕೂಡಲೇ ಬೆಳೆಗಾರರಿಗೆ ಎಸ್‌ಎಂಎಸ್ ಹೋಗುವ ಏರ್ಪಾಡು ಜಾಬ್‌ನ ಒಳಗೇ ಇದ್ದರೆ ಮೆಸೇಜ್ ಹೋಗಿಬಿಟ್ಟಿರುತ್ತದೆ. ಅದನ್ನು ವಾಪಸ್ ಕರೆಯಲು ಆಗುವುದಿಲ್ಲ. ಆದ್ದರಿಂದ ಬರೆದು ನೋಡುವ ಕೆಲಸ ಒಂದು ನಕಲಿನ ಮೇಲೆ ಆಗಬೇಕು. ಅದನ್ನೇ ಸ್ಟೇಜಿಂಗ್ ಕಾಪಿ ಎನ್ನುವುದು.

```
pg_dump -Fc -f kharidi.dump kharidi
createdb kharidi_staging
pg_restore --no-owner --no-privileges -d kharidi_staging kharidi.dump
```

ಹನ್ನೆರಡು ಸಾವಿರ ಚೀಟಿ ಎಂದರೆ ಡೇಟಾಬೇಸಿಗೆ ಏನೂ ಅಲ್ಲ. ಇದಕ್ಕೆ ಇನ್ನೊಂದು ಸರ್ವರ್ ಕೊಳ್ಳಬೇಕಾಗಿಲ್ಲ, ಕಚೇರಿಯ ಒಂದು ಹಳೆಯ ಕಂಪ್ಯೂಟರ್ ಸಾಕು. ಹತ್ತು ಮಾದರಿ ಚೀಟಿಗಳನ್ನು ಟೈಪ್ ಮಾಡಿ ಅದರ ಮೇಲೆ ಪರೀಕ್ಷೆ ಮಾಡುವುದು ಸಾಲದು. ನೀವು ಟೈಪ್ ಮಾಡಿದ್ದರಲ್ಲಿ ನಿಮಗೆ ಹೊಳೆದ ತಪ್ಪುಗಳು ಮಾತ್ರ ಇರುತ್ತವೆ. ನಿಜವಾದ ಡೇಟಾದಲ್ಲಿ ಬೇರೆ ಬೇರೆ ಜನ ಬೇರೆ ಬೇರೆ ರೀತಿ ಬರೆದ ಎಲ್ಲವೂ ಇರುತ್ತದೆ. ನಕಲು ಹೊಸದಾಗಿಯೂ ಇರಬೇಕು. ಕಳೆದ ಹಂಗಾಮಿನ ನಕಲಿನ ಮೇಲೆ ಈ ಹಂಗಾಮಿನ ಫೈಲು ಓಡಿಸಿದರೆ ಬರುವ ಅಂಕಿಗಳಿಂದ ಏನೂ ತಿಳಿಯುವುದಿಲ್ಲ.

ನಕಲು ತೆಗೆದ ಮೇಲೆ ಮೊದಲು ಮಾಡಬೇಕಾದದ್ದು ಅದರಲ್ಲಿರುವ ಫೋನ್ ನಂಬರುಗಳನ್ನೂ ಬ್ಯಾಂಕ್ ಖಾತೆಗಳನ್ನೂ ಸುಳ್ಳು ಅಂಕಿಗಳಿಗೆ ಬದಲಿಸುವುದು. ಇದು ಜನರ ಹಣದ ವಿವರ, ಹಳೆಯ ಕಂಪ್ಯೂಟರಿನಲ್ಲಿ ಬಿದ್ದಿರಬಾರದು. ಎಸ್‌ಎಂಎಸ್ ಕಳಿಸುವ ಕೀಲಿಯೂ ಆ ಕಂಪ್ಯೂಟರಿನಲ್ಲಿ ಇರಬಾರದು. ಪಾಸ್‌ವರ್ಡ್ ಬೇರೆಯೇ ಇರಲಿ. ಆಗ ಯಾರಾದರೂ ತಪ್ಪಿ ಪ್ರೊಡಕ್ಷನ್ ವಿಳಾಸ ಹಾಕಿದರೂ ಬಾಗಿಲು ತೆರೆಯುವುದಿಲ್ಲ.

ಈಗ ನಕಲಿನ ಮೇಲೆ `--apply` ಹಾಕಿ ಓಡಿಸಿ. ನಮ್ಮ ಉದಾಹರಣೆಯಲ್ಲಿ ಅದು ನಿಂತುಬಿಟ್ಟಿತು. ಅಳಿಸಬೇಕಾದ ಎರಡು ಚೀಟಿಗಳಲ್ಲಿ ಒಂದಕ್ಕೆ ಆಗಲೇ ಹಣ ಪಾವತಿಯಾಗಿತ್ತು. ಪಾವತಿಯ ಟೇಬಲ್ ಆ ಚೀಟಿಯನ್ನು ಹಿಡಿದುಕೊಂಡಿದೆ, ಡೇಟಾಬೇಸ್ ಅಳಿಸಲು ಬಿಡಲಿಲ್ಲ. ಇಡೀ ಟ್ರಾನ್ಸಾಕ್ಷನ್ ಬಿದ್ದುಹೋಯಿತು, ಸೇರಬೇಕಿದ್ದ 430ರಲ್ಲಿ ಒಂದೂ ಸೇರಲಿಲ್ಲ. ಇದು ಡ್ರೈ-ರನ್‌ನಲ್ಲಿ ಕಾಣುವುದು ಸಾಧ್ಯವೇ ಇರಲಿಲ್ಲ. ಹಣಕ್ಕೆ ಸಂಬಂಧಿಸಿದ ಚೀಟಿಯನ್ನು ಅಳಿಸುವುದೇ ತಪ್ಪು ಎಂದು ನನಗನಿಸುತ್ತದೆ. ಪುಸ್ತಕದ ಲೆಕ್ಕದಲ್ಲಿ ನಾವು ಹಾಳೆ ಹರಿಯುವುದಿಲ್ಲ, ಗೆರೆ ಎಳೆದು ‘ರದ್ದು’ ಎಂದು ಬರೆಯುತ್ತೇವೆ. ಇಲ್ಲೂ ಅದೇ. ಅಳಿಸುವ ಬದಲು ‘ರದ್ದು’ ಎಂದು ಗುರುತು ಹಾಕುವಂತೆ ಜಾಬ್ ಬದಲಿಸಿದರು.

ಮತ್ತೆ ಹೊಸ ನಕಲಿನ ಮೇಲೆ ಓಡಿಸಿದಾಗ ಪೂರ್ತಿಯಾಯಿತು. ಸಾಲುಗಳು 12,430, ಅದರಲ್ಲಿ ರದ್ದಾದದ್ದು 2. ಇಲ್ಲಿಗೆ ಬಿಡಬಾರದು. ಅದೇ ಫೈಲುಗಳನ್ನು ಅದೇ ನಕಲಿನ ಮೇಲೆ ಎರಡನೆಯ ಸಲ ಓಡಿಸಬೇಕು. ಎಲ್ಲವೂ ಬರೆದಾಗಿದೆ, ಹಾಗಾಗಿ ಈ ಸಲ ಪಟ್ಟಿ ಖಾಲಿ ಇರಬೇಕು. ನನ್ನನ್ನು ಕೇಳಿದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ನಮ್ಮ ಉದಾಹರಣೆಯಲ್ಲಿ ಪಟ್ಟಿ ಖಾಲಿ ಬರಲಿಲ್ಲ, 11 ಬಂತು.

ಅದರಲ್ಲಿ 2 ಬೇಗ ಅರ್ಥವಾಗುತ್ತದೆ. ರದ್ದಾದ ಚೀಟಿಗಳು ಟೇಬಲಿನಲ್ಲೇ ಇವೆ, ಫೈಲಿನಲ್ಲಿ ಇಲ್ಲ. ಜಾಬ್ ಅವನ್ನು ಮತ್ತೆ ರದ್ದು ಮಾಡಲು ಹೊರಟಿದೆ. ಹೋಲಿಸುವಾಗ ಆಗಲೇ ರದ್ದಾದವನ್ನು ಬಿಡಬೇಕು.

ಉಳಿದ 9 ತೇವಾಂಶದ್ದು. ಹಳೆಯದು 11.3, ಹೊಸದು 11.25. ಕೇಂದ್ರದ ಫೈಲಿನಲ್ಲಿ ಕೆಲವು ಚೀಟಿಗಳಿಗೆ ದಶಮಾಂಶದ ನಂತರ ಎರಡು ಅಂಕಿ ಬರುತ್ತವೆ. ಮುಖ್ಯ ಟೇಬಲಿನ ಕಾಲಂ `numeric(4,1)`, ಅಂದರೆ ಒಂದೇ ಅಂಕಿ. ಜಾಬ್ 11.25 ಬರೆಯುತ್ತದೆ, ಡೇಟಾಬೇಸ್ ಸುಮ್ಮನೆ 11.3 ಮಾಡಿ ಇಟ್ಟುಕೊಳ್ಳುತ್ತದೆ. ನಾಳೆ ಮತ್ತೆ ವ್ಯತ್ಯಾಸ ಕಾಣುತ್ತದೆ, ಮತ್ತೆ ಬರೆಯುತ್ತದೆ. ಹೀಗೆ ದಿನಾ ಅದೇ ಒಂಬತ್ತು. ಹಾಗಾದರೆ ಮೊದಲ ಪಟ್ಟಿಯ 39 ತಿದ್ದುಪಡಿಯಲ್ಲಿ ಆ 9 ನಿಜವಾದ ತಿದ್ದುಪಡಿಗಳೇ ಅಲ್ಲ, ನಿಜವಾದದ್ದು 30. ಇದಕ್ಕೆ ಪರಿಹಾರ ಎರಡಿವೆ: ಕಾಲಂ ದೊಡ್ಡದು ಮಾಡಬಹುದು, ಇಲ್ಲವೇ ಹೋಲಿಸುವ ಮೊದಲು ಒಂದು ಅಂಕಿಗೆ ಇಳಿಸಬಹುದು. ಯಾವುದು ಸರಿ ಎಂದು ಪ್ರೋಗ್ರಾಮ್ ಬರೆಯುವವರು ತೀರ್ಮಾನಿಸಬಾರದು. ತೇವಾಂಶ ನೋಡಿ ಬೆಲೆ ಕಟ್ಟುವವರನ್ನು ಕೇಳಬೇಕು.

ಇವೆರಡನ್ನೂ ಸರಿಮಾಡಿ, ಹೊಸ ನಕಲು ತೆಗೆದು, ಒಮ್ಮೆ ಓಡಿಸಿ, ಎರಡನೆಯ ಸಲ ಓಡಿಸಿದಾಗ ಪಟ್ಟಿ ಖಾಲಿ ಬಂತು. ಕೇಂದ್ರದ ಪ್ರಕಾರ ಚೀಟಿಗಳ ಎಣಿಕೆ, ಕಿಲೋಗಳ ಮೊತ್ತ ಎರಡೂ ಫೈಲುಗಳ ಜೊತೆ ತಾಳೆಯಾದವು. ಇನ್ನು ಪ್ರೊಡಕ್ಷನ್‌ಗೆ ಬರೆಯಬಹುದಾ?

ಇನ್ನೂ ಇಲ್ಲ. ಮೊತ್ತ ತಾಳೆಯಾಗುವುದು ಎಂದರೆ ಕಾಫಿ ಎಲ್ಲೂ ಕಳೆದುಹೋಗಿಲ್ಲ ಎಂದಷ್ಟೇ. ಅದು ಸರಿಯಾದವರ ಹೆಸರಿಗೆ ಹೋಗಿದೆ ಎಂದಲ್ಲ. ಒಬ್ಬರ ಮೂಟೆ ಇನ್ನೊಬ್ಬರ ಖಾತೆಗೆ ಹೋದರೂ ಮೊತ್ತ ಒಂದೇ. ಎರಡನೆಯ ಸಲ ಓಡಿಸುವ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಜಾಬ್ ಮಾಡುವ ತಪ್ಪನ್ನು ಅದು ಪ್ರತಿ ಸಲವೂ ಒಂದೇ ರೀತಿ ಮಾಡುತ್ತದೆ. ಇದಕ್ಕೆ ಬೇಕಾಗಿರುವುದು ಮಾದರಿ ಹೋಲಿಕೆ: ಕೆಲವು ಚೀಟಿಗಳನ್ನು ಆರಿಸಿ, ನಕಲಿನಲ್ಲಿ ಬಂದಿರುವುದನ್ನು ಕೇಂದ್ರದ ಕಾಗದದ ಚೀಟಿಯ ಜೊತೆ ಕಣ್ಣಿನಿಂದ ನೋಡುವುದು. ಫೈಲಿನ ಜೊತೆ ಅಲ್ಲ, ಕಾಗದದ ಜೊತೆ. ಫೈಲನ್ನು ಓದುವುದರಲ್ಲೇ ತಪ್ಪಿದ್ದರೆ ಫೈಲಿನ ಜೊತೆ ಹೋಲಿಸಿ ಉಪಯೋಗವಿಲ್ಲ.

ಎಷ್ಟು ಚೀಟಿ ನೋಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಎಂಬುದಕ್ಕಿಂತ ಯಾವುದು ಎಂಬುದು ಜಾಸ್ತಿ ಮುಖ್ಯ. ಅದು ಯಾಕೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಈ ಸಂಘ ಹಿಂದೆ ಎರಡು ಸಂಘಗಳಾಗಿತ್ತು, ಆಮೇಲೆ ಒಂದಾಯಿತು ಅಂದುಕೊಳ್ಳಿ. ಒಂದು ಸಂಘದ ಸದಸ್ಯರ ಸಂಖ್ಯೆ 147 ಎಂದಿತ್ತು. ಇನ್ನೊಂದು ಸಂಘದವರು ಮುಂದೆ ಸೊನ್ನೆ ಇಟ್ಟು 0147 ಎಂದು ಬರೆಯುತ್ತಿದ್ದರು. ಇಬ್ಬರೂ ಬೇರೆ ಬೇರೆ ಬೆಳೆಗಾರರು. ಹೊಸ ಜಾಬ್ ಸದಸ್ಯರ ಸಂಖ್ಯೆಯನ್ನು ಅಂಕಿ ಎಂದು ಓದುತ್ತದೆ. ಅಂಕಿಗೆ ಮುಂದಿನ ಸೊನ್ನೆ ಲೆಕ್ಕಕ್ಕಿಲ್ಲ. ಇಬ್ಬರೂ 147 ಆದರು. ಹೊಸದಾಗಿ ಸೇರುವ 430 ಚೀಟಿಗಳಲ್ಲಿ ಇಂಥವು 6 ಇವೆ.

ಕಣ್ಣುಮುಚ್ಚಿ 430ರಲ್ಲಿ 30 ಚೀಟಿ ಆರಿಸಿದರೆ ಆ ಆರರಲ್ಲಿ ಒಂದೂ ಸಿಗದೆ ಹೋಗುವ ಸಾಧ್ಯತೆ ಸುಮಾರು ಶೇ. 65. ಅಂದರೆ ಮೂವತ್ತು ಚೀಟಿ ಕಷ್ಟಪಟ್ಟು ನೋಡಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿ, ಆರು ಚೀಟಿಗಳ ಹಣ ಬೇರೆಯವರಿಗೆ ಕಳಿಸುವ ಸಂಭವವೇ ಹೆಚ್ಚು. ಇದಕ್ಕೊಂದು ಕೈಲೆಕ್ಕ ಇದೆ. ಒಟ್ಟು ಚೀಟಿಗಳು ತುಂಬಾ ಇರುವಾಗ, ನೋಡಿದ ಅಷ್ಟೂ ಮಾದರಿಗಳು ಸರಿಯಿದ್ದರೆ, ಮೂರನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿ. ತಪ್ಪಿನ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. ಮುನ್ನೂರು ಮಾದರಿ ನೋಡಿ ಎಲ್ಲ ಸರಿಯಿದ್ದರೂ ನೂರಕ್ಕೆ ಒಂದರವರೆಗೆ ತಪ್ಪು ಇರಬಹುದು. ಹನ್ನೆರಡು ಸಾವಿರಕ್ಕೆ ಅದು 120 ಚೀಟಿ.

ಅದಕ್ಕೇ ಕಣ್ಣುಮುಚ್ಚಿ ಆರಿಸುವುದರ ಜೊತೆಗೆ ಬೇಕೆಂದೇ ಆರಿಸಬೇಕು. ತಿದ್ದುವುದು 30, ರದ್ದು 2. ಅವನ್ನು ಅಷ್ಟನ್ನೂ ನೋಡಿ, ಅರ್ಧ ದಿನದ ಕೆಲಸವೂ ಅಲ್ಲ. ಸೇರುವ 430ರಲ್ಲಿ ನಾಲ್ಕು ಕೇಂದ್ರಗಳಿಂದಲೂ ಒಂದಿಷ್ಟು ಇರಲಿ. ಅರೇಬಿಕಾ, ರೊಬಸ್ಟಾ, ಪಾರ್ಚ್‌ಮೆಂಟ್, ಚೆರಿ ಎಲ್ಲ ಬಗೆಯೂ ಇರಲಿ. ಆಮೇಲೆ ಅಂಚಿನಲ್ಲಿರುವವನ್ನು ಹುಡುಕಿ ತೆಗೆಯಿರಿ. ಎಲ್ಲಕ್ಕಿಂತ ದೊಡ್ಡ ತೂಕ, ಎಲ್ಲಕ್ಕಿಂತ ಸಣ್ಣದು, ಖಾಲಿ ಬಿಟ್ಟ ತೇವಾಂಶ, ಒಂದೇ ದಿನ ಎರಡು ಸಲ ಬಂದ ಸದಸ್ಯರು, ಸೊನ್ನೆಯಿಂದ ಶುರುವಾಗುವ ಸಂಖ್ಯೆ. ಕೊಡಗಿನಲ್ಲಾದರೆ ಹೆಸರುಗಳನ್ನೂ ಸೇರಿಸಿ. ಒಂದು ಕಡೆ ಮನೆತನದ ಹೆಸರು ಪೂರ್ತಿ ಮುಂದೆ ಇರುತ್ತದೆ, ಇನ್ನೊಂದು ಕಡೆ ಬರೀ ಇನಿಷಿಯಲ್ ಇರುತ್ತದೆ. ಒಂದೇ ಮನೆತನದಲ್ಲಿ ಒಂದೇ ಹೆಸರಿನವರು ಇಬ್ಬರು ಇರುವುದೂ ಉಂಟು. ಆದ್ದರಿಂದ ಹೆಸರಿನಿಂದ ಯಾವತ್ತೂ ಹೊಂದಿಸಬೇಡಿ, ಸಂಖ್ಯೆಯಿಂದ ಹೊಂದಿಸಿ. ಮಾದರಿ ನೋಡುವಾಗ ಮಾತ್ರ ಹೆಸರನ್ನು ಓದಿ. ಆ ಆರು ಚೀಟಿ ಸಿಕ್ಕಿಬೀಳುವುದು ಅಲ್ಲೇ: ಕಾಗದದ ಮೇಲೆ ಒಬ್ಬರ ಹೆಸರು, ಖಾತೆಯಲ್ಲಿ ಇನ್ನೊಬ್ಬರದ್ದು.

ಕಣ್ಣುಮುಚ್ಚಿ ಆರಿಸುವ ಭಾಗಕ್ಕೆ ಒಂದು ಸಲಹೆ. ಪ್ರತಿ ಸಲ ಬೇರೆ ಚೀಟಿಗಳು ಬಂದರೆ ಸರಿಮಾಡಿದ ಮೇಲೆ ಅವೇ ಚೀಟಿಗಳನ್ನು ಮತ್ತೆ ನೋಡಲು ಆಗುವುದಿಲ್ಲ. `plan.csv` ಪಟ್ಟಿಯನ್ನು `plan` ಎಂಬ ಟೇಬಲಿಗೆ ತುಂಬಿಕೊಂಡು ಹೀಗೆ ಆರಿಸಿದರೆ ಪಟ್ಟಿ ಬದಲಾಗದಿರುವವರೆಗೆ ಅವೇ ಬರುತ್ತವೆ, ಬೇರೆ ಬೇಕಾದಾಗ ಕೊನೆಯ ಪದ ಬದಲಿಸಿ:

```sql
SELECT cheeti_no FROM plan
WHERE kelasa = 'insert'
ORDER BY md5(cheeti_no || 'mado1') LIMIT 30;
```

ಸದಸ್ಯರ ಸಂಖ್ಯೆಯನ್ನು ಅಕ್ಷರವಾಗಿಯೇ ಓದುವಂತೆ ಬದಲಿಸಿ, ಡ್ರೈ-ರನ್‌ನಿಂದ ಮತ್ತೆ ಶುರುಮಾಡಿ, ಮೂರೂ ಹಂತ ದಾಟಿದ ಮೇಲೆ ಪ್ರೊಡಕ್ಷನ್.

ಇಲ್ಲಿ ಉಳಿಯುವ ತೊಡಕು ಸಮಯದ್ದು. ಡ್ರೈ-ರನ್ ಮಾಡಿದ್ದು ಬೆಳಿಗ್ಗೆ, ಬರೆಯುವುದು ಸಂಜೆ. ನಡುವೆ ಮುಖ್ಯ ಕಚೇರಿಯಲ್ಲಿ ಯಾರೋ ಒಂದು ಚೀಟಿಯ ತೂಕ ಕೈಯಿಂದ ತಿದ್ದಿದ್ದಾರೆ. ಬೆಳಗಿನ ಪಟ್ಟಿಯನ್ನು ಹಾಗೆಯೇ ಬರೆದರೆ ಅವರ ತಿದ್ದುಪಡಿ ಹೋಗುತ್ತದೆ. ಮತ್ತೆ ಹೋಲಿಸಿ ಹೊಸ ಪಟ್ಟಿ ಮಾಡಿ ಬರೆದರೆ ನೀವು ನೋಡದ ಪಟ್ಟಿಯನ್ನು ಬರೆದಂತಾಗುತ್ತದೆ. ಅದಕ್ಕೇ ಪಟ್ಟಿಯಲ್ಲಿ ಹಳೆಯದೂ ಇರಬೇಕು ಎಂದದ್ದು. ನೀವು ನೋಡಿ ಒಪ್ಪಿದ ಪಟ್ಟಿಯನ್ನೇ ಬರೆಯಿರಿ, ಆದರೆ ಹಳೆಯದು ಇನ್ನೂ ಹಾಗೆಯೇ ಇದ್ದರೆ ಮಾತ್ರ:

```sql
UPDATE cheeti SET kg = 49.5
WHERE cheeti_no = 'S-2210' AND kg = 48.5;
```

`UPDATE 1` ಬಂದರೆ ಸರಿ. `UPDATE 0` ಬಂದರೆ ನಡುವೆ ಯಾರೋ ಮುಟ್ಟಿದ್ದಾರೆ, ಆ ಚೀಟಿಯನ್ನು ಬದಿಗಿಟ್ಟು ಅವರನ್ನು ಕೇಳಿ. ಹಳೆಯದು ಖಾಲಿ ಇದ್ದ ಕಾಲಂಗೆ `=` ಕೆಲಸ ಮಾಡುವುದಿಲ್ಲ, ಅಲ್ಲಿ `IS NOT DISTINCT FROM` ಬಳಸಬೇಕು.

ನಾಲ್ಕೂ ಕೇಂದ್ರಗಳನ್ನು ಒಟ್ಟಿಗೆ ಬರೆಯಬೇಡಿ. ಬರೆಯುವ ಮುಂಚೆ ಒಂದು ಪೂರ್ತಿ ಡಂಪ್ ತೆಗೆದಿಡಿ. ಎಲ್ಲಕ್ಕಿಂತ ಕಡಿಮೆ ಚೀಟಿ ಇರುವ ಕೇಂದ್ರವನ್ನು ಮೊದಲು ತೆಗೆದುಕೊಳ್ಳಿ, ನಮ್ಮಲ್ಲಿ ಅದು ಕುಶಾಲನಗರ. ಬರೆದ ಕೂಡಲೇ ಆ ಕೇಂದ್ರಕ್ಕೆ ಡ್ರೈ-ರನ್ ಮಾಡಿ, ಪಟ್ಟಿ ಖಾಲಿ ಬರಬೇಕು. ಮಾರನೆಯ ದಿನ ಆ ಕೇಂದ್ರದವರು ತಮ್ಮ ಖಾತೆಗಳನ್ನು ತೆರೆದು ನೋಡಿ ಸರಿ ಎಂದ ಮೇಲೆ ಉಳಿದ ಮೂರು.

ಕೊನೆಗೆ ಒಬ್ಬರು ಕೇಳಿದರು: ಇಷ್ಟೆಲ್ಲ ಮಾಡಿಯೂ ಒಂದು ವಾರದ ನಂತರ ತಪ್ಪು ಗೊತ್ತಾದರೆ? ಆಗ ಡಂಪ್‌ನಿಂದ ಹಿಂದೆ ಹೋಗಲು ಆಗುವುದಿಲ್ಲ, ನಡುವಿನ ಒಂದು ವಾರದ ಖರೀದಿ ಕಳೆದುಹೋಗುತ್ತದೆ. ಕೆಲಸಕ್ಕೆ ಬರುವುದು ಆ ದಿನ ಬರೆದ ಪಟ್ಟಿ. ಅದರಲ್ಲಿ ಹಳೆಯದು, ಹೊಸದು ಎರಡೂ ಇವೆ. ಹಳೆಯದನ್ನು ಹೊಸದರ ಜಾಗಕ್ಕೆ ಹಾಕಿದರೆ ಅದೇ ವಾಪಸ್ ಪಟ್ಟಿಯಾಗುತ್ತದೆ. ಸೇರಿಸಿದ್ದನ್ನು ರದ್ದು ಮಾಡಿ, ತಿದ್ದಿದ್ದನ್ನು ಹಿಂದಕ್ಕೆ ತಿದ್ದಿ. ಈಗ ಇರುವುದು ಅಂದು ಬರೆದದ್ದೇ ಆಗಿದ್ದರೆ ಮಾತ್ರ ಬರೆಯಬೇಕು ಎಂಬ ಅದೇ ಷರತ್ತು ಇಲ್ಲೂ ಇರಲಿ. ಆ ವಾಪಸ್ ಪಟ್ಟಿಯನ್ನೂ ಮೊದಲು ಸ್ಟೇಜಿಂಗ್ ಕಾಪಿಯ ಮೇಲೆ ಓಡಿಸಿ. ಆ ಚೀಟಿಗಳಲ್ಲಿ ಯಾವುದಕ್ಕಾದರೂ ಈ ನಡುವೆ ಪಾವತಿಯಾಗಿದ್ದರೆ ಅವನ್ನು ಬೇರೆ ತೆಗೆದು ಲೆಕ್ಕಪತ್ರದವರಿಗೆ ಕೊಡಿ. ಹಣ ಹೋದ ಮೇಲೆ ಅದನ್ನು ಸರಿಮಾಡುವುದು ಮುಂದಿನ ಪಾವತಿಯಲ್ಲಿ ಹೊಂದಾಣಿಕೆ ಮಾಡಿ, ಜಾಬ್‌ನಿಂದ ಅಲ್ಲ. ಹಾಗಾಗಿ ಪ್ರತಿ ದಿನದ `plan.csv` ಫೈಲನ್ನು ದಿನಾಂಕ ಹಾಕಿ, ಕನಿಷ್ಠ ಆ ಹಂಗಾಮಿನ ಲೆಕ್ಕ ಮುಗಿದು ಆಡಿಟ್ ಆಗುವವರೆಗೆ ಇಟ್ಟುಕೊಳ್ಳಿ.